ಪ್ರಶ್ನೆ ಕೇಳಿ ಸುಮ್ಮನಿರುವುದು

ಆಸ್ಪತ್ರೆಯ ವಾರ್ಡನ್ನು ಬಾಯಿಮಾತಿನಲ್ಲೇ ಕುಣಿಸಿದ್ದ ದೊಡ್ಡ ಸಿಸ್ಟರಿಗೆ ಹತ್ತು ನಿಮಿಷದ ಪಾಠ ಯಾವ ಲೆಕ್ಕ? ಮಂಡಿನೋವಿನಿಂದ ಓಡಾಟ ಕಷ್ಟವಾಗಿ ನರ್ಸಿಂಗ್ ಕಾಲೇಜಿನಲ್ಲಿ ಬೋಧಕಿಯಾಗಲು ಬಂದಿದ್ದಳು. ಮೈಕ್ರೋಟೀಚಿಂಗ್‌ನಲ್ಲಿ , ಅಂದರೆ ಈ ಪುಟ್ಟ ಪಾಠದ ಪರೀಕ್ಷೆಯಲ್ಲಿ, ಪಾಸಾಗದಿದ್ದರೆ ಮತ್ತೆ ವಾರ್ಡೇ ಗತಿ. ಈ ವಿಷಯದಲ್ಲಿ ಮಂಡಿಗಳ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ.

ಜೊತೆಯ ಹೊಸ ಬೋಧಕಿಯರೇ ವಿದ್ಯಾರ್ಥಿನಿಯರ ವೇಷ ಹಾಕಿ ಬೆಂಚಿನಲ್ಲಿ ಕೂತಿದ್ದರು. ಹಿಂದೆ ತರಬೇತಿ ಮೇಡಂ ಗಡಿಯಾರ ನೋಡುತ್ತಿದ್ದರು. ಸಿಸ್ಟರ್ ಉದ್ದೇಶವನ್ನು ಬೋರ್ಡಿನ ಮೇಲೆ ನೀಟಾಗಿ ಬರೆದಳು: ಪಾಠದ ಕೊನೆಗೆ, ಮಲಗಿಯೇ ಇರುವ ರೋಗಿಗೆ ಹಾಸಿಗೆ ಹುಣ್ಣು ಆಗುವ ಜಾಗಗಳನ್ನೂ ತಡೆಯುವ ಕ್ರಮವನ್ನೂ ವಿದ್ಯಾರ್ಥಿನಿಯರು ಹೇಳಬಲ್ಲರು. ಆಮೇಲೆ ಶುರುವಾಯಿತು.

"ಎಲ್ಲೆಲ್ಲಿ ಆಗುತ್ತೆ? ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ. ಯಾಕಾಗುತ್ತೆ? ಒಂದೇ ಕಡೆ ಒತ್ತಡ ಬೀಳುತ್ತೆ, ಅದಕ್ಕೆ. ಏನ್ಮಾಡ್ಬೇಕು? ಹೊರಳಿಸಬೇಕು. ಅರ್ಥ ಆಯ್ತಲ್ಲ? ಆಯ್ತು, ಮುಗೀತು."

ಹತ್ತರಲ್ಲಿ ಒಂಬತ್ತು ನಿಮಿಷ ಇನ್ನೂ ಬಾಕಿಯಿತ್ತು.

ಮೇಡಂ ನಕ್ಕರು. "ಉದ್ದೇಶ ಚೆನ್ನಾಗಿದೆ, ಪ್ರಶ್ನೆಗಳೂ ಚೆನ್ನಾಗಿವೆ. ಉತ್ತರಗಳಂತೂ ಒಂದೂ ತಪ್ಪಿಲ್ಲ. ಎಲ್ಲಾನೂ ನೀವೇ ಹೇಳಿದ್ರಲ್ಲ."

"ವಾರ್ಡಲ್ಲಿ ಉತ್ತರಕ್ಕೆ ಕಾಯ್ತಾ ನಿಂತ್ರೆ ರೋಗಿ ಕಾಯ್ತಾನಾ ಮೇಡಂ?"

"ಇಲ್ಲಿ ರೋಗಿ ಇಲ್ವಲ್ಲಮ್ಮ. ನಾಳೆ ಇದೇ ಪಾಠ ಮತ್ತೆ ಮಾಡಿ. ಕೇಳಿ, ಕಾಯಿರಿ, ಆಮೇಲೆ ಒಬ್ಬರನ್ನ ಕರೀರಿ. ಕೊನೆಗೆ ಉದ್ದೇಶಕ್ಕೆ ವಾಪಸ್ ಬನ್ನಿ, ಸಾರಾಂಶ ಅವರ ಬಾಯಿಂದ ಬರಲಿ."

ಸಿಸ್ಟರಿಗೆ ಮೈ ಉರಿಯಿತು. ಆದರೂ ಮನೆಗೆ ಬಂದವಳೇ, ಬಟ್ಟೆ ಹೊಲಿಯುತ್ತಿದ್ದ ಗಂಡನನ್ನು ಸ್ಟೂಲಿನ ಮೇಲೆ ಕೂರಿಸಿದಳು.

"ರೀ, ತಾನಾಗಿ ಹೊರಳೋಕಾಗದ ರೋಗಿ ಮಲಗಿದಾನೆ. ಏನು ಮಾಡ್ತೀರಾ?"

ತುಟಿಯವರೆಗೆ ಬಂದ ಉತ್ತರವನ್ನು ನುಂಗಿ ನಿಂತಳು. ಗಂಡನೂ ಅಭ್ಯಾಸಬಲದಿಂದ ಅವಳ ಬಾಯನ್ನೇ ನೋಡುತ್ತಾ ಕೂತ. ಕೊನೆಗೆ ಗಾಬರಿಯಾದ.

"ಯಾಕೆ ಮಾತಾಡ್ತಿಲ್ಲ? ಹುಷಾರಾಗಿದೀಯ ತಾನೇ?"

ಮರುದಿನ ತರಗತಿಯಲ್ಲೂ ಅದೇ ಕಥೆ. ಸಿಸ್ಟರ್ ಅದೇ ಪ್ರಶ್ನೆ ಕೇಳಿ ಸುಮ್ಮನಾದಳು. ಅವಳೇ ಹೇಳಲಿ ಎಂದು ಬೆಂಚಿನವರೂ ಸುಮ್ಮನಾದರು. ಫ್ಯಾನಿನ ಸದ್ದು ಕೇಳಿಸತೊಡಗಿತು. ಅವಳ ಹಣೆ ಬೆವರಿತು, ಮಂಡಿ ಚುಚ್ಚಿತು, ನಾಲಿಗೆ ಮಾತ್ರ ಕದಲಲಿಲ್ಲ. ಮೂಲೆಯಲ್ಲಿದ್ದ ಮೆಲುದನಿಯವಳನ್ನು ಕರೆದಾಗ ಅವಳು ತಡವರಿಸುತ್ತಾ ಹೇಳಿದಳು: "ಎರಡು ಗಂಟೆಗೊಮ್ಮೆ ಹೊರಳಿಸಬೇಕು... ಚರ್ಮ ಕೆಂಪಾಗಿದೆಯಾ ಅಂತಾನೂ ನೋಡಬೇಕು." ಸಿಸ್ಟರ್ ತಲೆಯಾಡಿಸಿ, ಬೋರ್ಡಿನ ಉದ್ದೇಶ ತೋರಿಸಿ, "ಇದು ಈಡೇರಿತಾ? ಯಾರು ಹೇಳ್ತೀರಾ?" ಎಂದು ಕೇಳಿ, ಇಡೀ ಪಾಠವನ್ನು ಅವರ ಬಾಯಿಂದಲೇ ಹೇಳಿಸಿ ಮುಗಿಸಿದಳು.

ಸಂಜೆ ಗಂಡನೆದುರು ನಿಂತಳು. ಪಾಸಾದ ಸಂತೋಷಕ್ಕಿಂತ ಮನೆಯಲ್ಲೂ ಉತ್ತರಕ್ಕೆ ಎಂದೂ ಕಾದಿರಲಿಲ್ಲವಲ್ಲ ಎಂಬ ನಾಚಿಕೆಯೇ ಮನಸ್ಸನ್ನು ತುಂಬಿತ್ತು.

"ರೀ, ಇಷ್ಟು ವರ್ಷ ನನ್ನ ಜೊತೆ ಹೇಗಿತ್ತು ನಿಮಗೆ?"

ಕೇಳಿ, ಸುಮ್ಮನೆ ಕಾದಳು. ಗಂಡ ಕತ್ತರಿ ಕೆಳಗಿಟ್ಟ.

"ಇದಕ್ಕೂ ಹತ್ತೇ ನಿಮಿಷಾನಾ?"

"ಇಲ್ಲ, ನೀವು ಹೇಳಿ," ಎಂದು ಅವಳು ಸ್ಟೂಲು ಎಳೆದುಕೊಂಡು ಕೂತಳು.