ಸಾಕ್ಷಿಯಿಲ್ಲದೆ ‘ಮಸ್ಟ್’ ಇಲ್ಲ

ಕೊಟ್ಟಿಗೆಹಾರದ ಟೈರ್ ಅಂಗಡಿಯೊಂದರ ಮಹಡಿಯಲ್ಲಿ ಸಂಜೆ ಹೊತ್ತು ನಾನು ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತೇನೆ. ಬರುವವರೆಲ್ಲ ಬ್ಯಾಂಕು, ಸರ್ಕಾರಿ ಕೆಲಸ ಅಂತ ಪರೀಕ್ಷೆ ಕಟ್ಟಿದವರು. ನನ್ನ ಬಾಯಿ ಜೋರು, ನಿಜ. ಕಣ್ಣು ಮುಚ್ಚಿ ಒಂದು ಉತ್ತರ ಬರೆದು, ‘ಇದೇ ಇರ್ಬೇಕು ಮಿಸ್’ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆವತ್ತು ಬಿಟ್ಟ ಸ್ಥಳ ತುಂಬುವ ಪಾಠ. ಆಗಿಹೋದದ್ದನ್ನು ಕಣ್ಣಾರೆ ಕಾಣದೆ ಊಹಿಸುವಾಗ ಏನು ಬರೆಯಬೇಕು? ಆಗಿದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಇದ್ದರೆ ‘ಮಸ್ಟ್ ಹ್ಯಾವ್’. ಆಗಿರಲು ಸಾಧ್ಯವೇ ಇಲ್ಲ ಅನ್ನುವ ಹಾಗಿದ್ದರೆ ‘ಕಾಂಟ್ ಹ್ಯಾವ್’. ಎರಡೂ ಇಲ್ಲವೋ, ಸುಮ್ಮನೆ ‘ಮೈಟ್ ಹ್ಯಾವ್’ ಅಂತ ಬರೆದು ಕೂರಬೇಕು. ಯಾವುದರ ಮುಂದೆಯೂ ‘ಹೋದ’ ಅನ್ನಲು ‘ಗಾನ್’ ಬರಬೇಕೇ ಹೊರತು ‘ವೆಂಟ್’ ಅಲ್ಲ. ನನ್ನ ತರಗತಿಯಲ್ಲಿ ಇನ್ನೊಂದು ಕಟ್ಟಳೆಯೂ ಉಂಟು. ಸ್ಥಳ ತುಂಬಿದವರು ಹಿಂದಿನ ವಾಕ್ಯದಲ್ಲಿರುವ ಸಾಕ್ಷಿಯನ್ನು ಬೆರಳಿಟ್ಟು ತೋರಿಸಬೇಕು. ತೋರಿಸದಿದ್ದರೆ ಉತ್ತರ ಸರಿಯಿದ್ದರೂ ಸೊನ್ನೆ.

ಬೋರ್ಡಿನ ಮುಂದೆ ನಿಂತಿದ್ದವಳು ಒಬ್ಬ ಮೆಕ್ಯಾನಿಕ್‌ನ ಮಗಳು. ತಾಯಿಯಿಲ್ಲದ ಹುಡುಗಿ. ದಿನಾ ಪಾಠ ಮುಗಿಯುವ ಹೊತ್ತಿಗೆ ಅವಳ ಅಪ್ಪ, ಅವಳು ಕರೆಯುವ ಹಾಗೆ ‘ಅಬ್ಬಾ’, ವ್ಯಾನು ತಂದು ಕೆಳಗೆ ಹಾರ್ನ್ ಹೊಡೆಯುತ್ತಿದ್ದರು. ಆವತ್ತು ಹಾರ್ನ್ ಕೇಳಲಿಲ್ಲ, ಹುಡುಗಿಗೆ ಫೋನ್ ಬಂತು. ಅವರು ಪಂಪ್ ರಿಪೇರಿಗೆ ಹೋಗಿದ್ದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಮಾಡಿದ್ದು. ಎಲ್ಲರಿಗೂ ಕೇಳಲೆಂದು ನಾನೇ ಸ್ಪೀಕರ್ ಹಾಕಿದೆ.

“ನಿಮ್ ತಂದೆ ಅಲ್ಲಿಗೆ ಬಂದ್ರಾ ಮಾರಾಯ್ತಿ? ಇಲ್ಲಿ ತೋಟದ ರಸ್ತೇಲಿ ವ್ಯಾನು ನಿಂತಿದೆ, ಜನ ಇಲ್ಲ. ಒಂದು ಬದಿ ಪೂರಾ ನಗ್ಗಿಹೋಗಿದೆ. ಆನೆ ಹೆಜ್ಜೆ ಉಂಟು.”

ಒಂಟಿ ಸಲಗವೊಂದು ಆ ವಾರವೆಲ್ಲ ತೋಟಗಳಲ್ಲಿ ಓಡಾಡುತ್ತಿರುವುದು ಎಲ್ಲರಿಗೂ ಗೊತ್ತಿತ್ತು. ನನ್ನ ಫೋನಿನಿಂದ ಅವಳ ಅಪ್ಪನಿಗೆ ಮಾಡಿದರೆ ಸ್ವಿಚ್ ಆಫ್. ಹುಡುಗಿಗೆ ಧೈರ್ಯ ಹೇಳಬೇಕಲ್ಲ.

“ಕೂಲಿಯವರ ಲೈನ್ ಮನೆಗಳ ಕಡೆ ಹೋಗಿರ್ತಾರೆ ಬಿಡೇ. ಖಂಡಿತ ಅಲ್ಲೇ ಹೋಗಿರ್ತಾರೆ,” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. “ಸಾಕ್ಷಿ ಎಲ್ಲಿದೆ ಮಿಸ್? ಅದು ಬರೀ ಮೈಟ್.”

ಅಯ್ಯೋ ದೇವರೇ, ನನ್ನ ಕಟ್ಟಳೆ ನನಗೇ ತಿರುಗಿತು. ತಬ್ಬಿಕೊಳ್ಳೋಣವೆಂದು ಹತ್ತಿರ ಹೋದರೆ ಅವಳು ಹಿಂದೆ ಸರಿದಳು. ಅಳುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಭಯ. ಫೋನನ್ನು ಬಾಯಿಗೆ ಹತ್ತಿರ ಹಿಡಿದು ರೈಟರನ್ನೇ ಕೇಳತೊಡಗಿದಳು.

“ಸಾರ್, ಬಾಗ್ಲು ತೆರೆದಿದ್ಯಾ?”

“ಇಲ್ಲ, ಹಾಕಿದೆ.”

“ಗಾಜು?”

“ಏರ್ಸಿದೆ. ಎರಡೂ ಬದಿ.”

“ಕೀ?”

ರೈಟರು ಒಣ ಎಲೆ ತುಳಿದು ಗಾಜಿನ ಹತ್ತಿರ ಹೋದ ಸದ್ದು. “ಕೀ ಇಲ್ಲ.”

ಅವಳು ನನ್ನ ಕಡೆ ತಿರುಗಿದಳು. “ಆನೆ ಕಂಡು ಓಡೋರು ಗಾಜು ಏರ್ಸಿ, ಬಾಗ್ಲು ಹಾಕಿ, ಕೀ ತಗೊಂಡು ಹೋಗ್ತಾರಾ ಮಿಸ್? ಆನೆ ಬರೋಕೆ ಮುಂಚೇನೇ ಅಬ್ಬಾ ಇಳಿದಿದ್ದಾರೆ. ಮಸ್ಟ್ ಹ್ಯಾವ್ ಲೆಫ್ಟ್. ಆನೆ ಅವರನ್ನ ನೋಡಿರೋಕೆ ಸಾಧ್ಯ ಇಲ್ಲ. ಕಾಂಟ್ ಹ್ಯಾವ್ ಸೀನ್.”

ಅವಳ ತರ್ಕದಲ್ಲಿ ತಪ್ಪು ಹುಡುಕಲು ನನಗೂ ಮನಸ್ಸಿರಲಿಲ್ಲ. ಎಲ್ಲರೂ ಅದನ್ನೇ ನೆಚ್ಚಿಕೊಂಡು ಕಿಟಕಿಯಲ್ಲಿ ರಸ್ತೆ ನೋಡುತ್ತ ನಿಂತೆವು. ಬಸ್ಸು ಬಂತು, ಲಾರಿ ಬಂತು, ಪ್ರವಾಸಿಗಳ ಕಾರು ಬಂತು. ಒಂದರಿಂದಲೂ ಅವರು ಇಳಿಯಲಿಲ್ಲ.

ಕತ್ತಲು ಕವಿಯುವ ಮೊದಲು ಯಾರದೋ ಬೈಕಿನ ಹಿಂದೆ ಅವರು ಬಂದಿಳಿದರು. ಅಂಗಿ ಹರಿದಿತ್ತು. ಮೊಣಕೈಯೆಲ್ಲ ತರಚಿತ್ತು. ಹುಡುಗಿ ಮೆಟ್ಟಿಲನ್ನು ಹಾರಿ ಹಾರಿ ಇಳಿದು ಅಪ್ಪನ ತೋಳು ಹಿಡಿದುಕೊಂಡು, ಆಮೇಲೆ ಹೋ ಎಂದು ಅತ್ತಳು. “ಏನೂ ಆಗಿಲ್ಲ ಬೇಟಾ. ಕಾಲು ಜಾರಿ ಬಿದ್ದೆ, ಫೋನು ಹಳ್ಳಕ್ಕೆ ಹೋಯ್ತು. ಹೋಗು, ಬ್ಯಾಗ್ ತಗೊಂಡ್ ಬಾ,” ಎಂದು ಮೇಲೆ ಕಳಿಸಿದರು.

ಅವಳು ಹೋದ ಮೇಲೆ ಅವರು ಟೈರುಗಳ ರಾಶಿಗೆ ಒರಗಿ ನಿಂತರು.

“ಒಳಗೇ ಇದ್ದೆ ಮೇಡಂ. ಎದುರಿಗೆ ಬಂದುಬಿಡ್ತು. ಗಾಜು ಏರ್ಸಿ, ಸೀಟಿನ ಕೆಳಗೆ ಮುದುರ್ಕೊಂಡಿದ್ದೆ. ಸೊಂಡಿಲು ಗಾಜಿನ ಮೇಲೆ ಆಡಿಸ್ತು. ಆಮೇಲೆ ದೂಡೋಕೆ ಶುರು ಮಾಡ್ತು. ಮಗಳ ಮುಖ ಬಿಟ್ರೆ ಬೇರೆ ಏನೂ ನೆನಪಿಗೆ ಬರ್ಲಿಲ್ಲ. ಅದು ಅತ್ತ ತಿರುಗಿದ್ದೇ ಈ ಬದಿಯಿಂದ ಇಳಿದು ಕೆಳಗೆ ಉರುಳಿದೆ.”

“ಕೀ? ಬಾಗಿಲು?”

ಕೀ ಅವರ ಮುಷ್ಟಿಯಲ್ಲೇ ಇತ್ತು. ಅಂಗೈಯಲ್ಲಿ ಅದರ ಅಚ್ಚು ಮೂಡಿತ್ತು. “ದಿನಾ ಮಾಡೋ ಅಭ್ಯಾಸ ಅಲ್ವಾ, ಕೈ ತಾನೇ ಮಾಡಿರ್ಬೇಕು. ನಂಗೆ ನೆನಪೇ ಇಲ್ಲ. ಅವ್ಳಿಗೆ ಹೇಳ್ಬೇಡಿ, ದಮ್ಮಯ್ಯ. ನಾಳೆಯಿಂದ ನನ್ನನ್ನ ತೋಟದ ಕೆಲ್ಸಕ್ಕೆ ಕಳಿಸಲ್ಲ ಅವ್ಳು.”

ಹುಡುಗಿ ಬ್ಯಾಗ್ ಹಾಕಿಕೊಂಡು ಇಳಿದು ಬಂದಳು. ಕಣ್ಣು ಕೆಂಪಗಿತ್ತು, ಮುಖ ಮಾತ್ರ ಅರಳಿತ್ತು.

“ಆನೆ ಬರೋ ಮುಂಚೇನೇ ಇಳಿದಿದ್ರಿ ಅಲ್ವಾ ಅಬ್ಬಾ? ನಾನು ಹೇಳಿದ್ದೆ. ಮಿಸ್, ನನ್ನ ಉತ್ತರ ಸರಿ ತಾನೇ?”

ಅವರು ಮುಷ್ಟಿಯನ್ನು ಜೇಬಿಗಿಳಿಸಿ ನನ್ನತ್ತ ನೋಡಿದರು.

“ನಿನ್ನ ಹತ್ರ ಇದ್ದ ಸಾಕ್ಷಿಗೆ ಅದೇ ಸರಿ,” ಎಂದೆ. “ಪೂರ್ತಿ ಅಂಕ.”