ಮಹಡಿ ಮನೆ ಬೇಡವೆಂದು ಬರೆದದ್ದು

ಮೈಸೂರಿನಲ್ಲಿ ಸಿಟ್ಟಿಗೆ ಸದ್ದಿಲ್ಲ. ಮದುವೆಯಾಗಿ ವಿಜಯಪುರದಿಂದ ಬಂದ ಹೊಸದರಲ್ಲಿ ನನ್ನನ್ನು ಹೆದರಿಸಿದ್ದೇ ಅದು. ನಮ್ಮ ಕಡೆ ಬಾಯಿ ಮಾಡಿ ಜಗಳಾಡಿ, ಅರ್ಧ ಗಂಟೆಯಲ್ಲಿ ಒಟ್ಟಿಗೆ ಕೂತು ರೊಟ್ಟಿ ತಿನ್ನುತ್ತೇವೆ. ಇಲ್ಲಿ ಅತ್ತೆ "ಪರವಾಗಿಲ್ಲ ಬುಡಮ್ಮ" ಅಂದರೆ ಮುಗಿಯಿತು, ತಿಂಗಳುಗಟ್ಟಲೆ ಮಾತಿಲ್ಲ.

ನಾನೂ ನನ್ನ ಗಂಡ ಮಹೇಶ್ ಅವರೂ ಹೂಟಗಳ್ಳಿಯಲ್ಲಿ ಬಾಡಿಗೆಗಿದ್ದೇವೆ. ನನ್ನ ಕಾರ್ಖಾನೆಗೆ ಹತ್ತು ನಿಮಿಷದ ನಡಿಗೆ. ಅತ್ತೆ ಮಾತ್ರ ಈ ಮನೆಯನ್ನು "ಆ ರೂಮು" ಅನ್ನುತ್ತಾರೆ. ಅವರ ಮನೆ ಊರಿನ ಇನ್ನೊಂದು ತುದಿಯಲ್ಲಿ, ಬೆಟ್ಟದ ಬುಡದಲ್ಲಿ. ಮೊನ್ನೆ ಮಾವ ಅಲ್ಲಿ ಕಟ್ಟಿಸಿದ ಹೊಸ ಮಹಡಿಯ ಫೋಟೊ ಕಳಿಸಿದರು. ಕೆಳಗೆ ಬರೆದಿದ್ದರು: "ಶುಕ್ರವಾರ ಹಾಲು ಉಕ್ಕಿಸುವುದು. ಹೂಟಗಳ್ಳಿ ಮನೆ ಖಾಲಿ ಮಾಡುತ್ತೇವೆಂದು ಮಾಲೀಕರಿಗೆ ಹೇಳಿಬಿಡಿ." ಬೆಳಗಿನ ಆರರ ಪಾಳಿಗೆ ಅಲ್ಲಿಂದ ಬರುವುದೆಂತು? ಹೋದರೆ ನನ್ನ ಕೆಲಸ ಹೋದಂತೆಯೇ.

"ನಮ್ಮನ್ನು ಕೇಳದೆ ಹೇಗೆ ತೀರ್ಮಾನ ಮಾಡಿದಿರಿ? ಯಾವಾಗಲೂ ಹೀಗೇ" ಎಂದು ಟೈಪ್ ಮಾಡಿದೆ. ಮಹೇಶ್ ಫೋನ್ ಕಸಿದುಕೊಂಡರು. "ಹಿಂಗ್ ಕಳ್ಸುದ್ರೆ ಅಪ್ಪ ಜನ್ಮದಲ್ಲಿ ಮಾತಾಡ್ಸಲ್ಲ ಕಣೇ!"

ಅವರು ಬರೆದದ್ದು ಇನ್ನೊಂದು ಅತಿ: "ತಪ್ಪು ತಿಳ್ಕೋಬೇಡಿ ಅಪ್ಪಾ, ಸ್ವಲ್ಪ ದಿನ ಇಲ್ಲೇ ಇರಬಹುದಾ? ಅಲ್ಲಿ ನೀರು ಸಾಲುತ್ತೋ ಇಲ್ವೋ, ಸ್ಕೂಟರ್ ನಿಲ್ಲಿಸೋಕೂ ಜಾಗ ಇಲ್ಲ..."

"ರೀ, ಮಾವಾರು ಬ್ಯಾಡ ಅಂದ್ರ ಏನ್ ಮಾಡ್ತೀರಿ? ನೀರಿಗೆ ಬೋರ್ ಹಾಕಸ್ತಾರ, ಸ್ಕೂಟರಿಗೆ ಶೆಡ್ ಹಾಕಸ್ತಾರ!" ಅಂದೆ.

ಆಮೇಲೆ ಇಬ್ಬರೂ ಕೂತು ಒಂದೊಂದೇ ಸಾಲು ತಿದ್ದಿದೆವು. "ಯಾವಾಗಲೂ" ಹೋಯಿತು. ಅನುಮತಿ ಕೇಳುವ ಮಾತು ಹೋಯಿತು. ಕುಂಟುನೆಪಗಳೆಲ್ಲ ಹೋಗಿ ನಿಜವಾದ ಒಂದೇ ಕಾರಣ ಉಳಿಯಿತು. ಕುಟುಂಬದ ಗ್ರೂಪಿಗೆ ಹಾಕಿದರೆ ನೆಂಟರ ಮುಂದೆ ಅವಮಾನ, ಅವರಿಬ್ಬರಿಗೇ ಕಳಿಸಬೇಕು. ನನ್ನ ಫೋನಿನಿಂದ ಹೋದರೆ ಸೊಸೆ ಮನೆ ಒಡೆದಳು ಎಂದಾಗುತ್ತದೆ. ಮಗನ ಫೋನಿನಿಂದಲೇ ಹೋಗಬೇಕು.

"ಅಪ್ಪ, ಅಮ್ಮ, ನಮಗಾಗಿ ಇಷ್ಟು ಆಸೆಯಿಂದ ಮನೆ ಕಟ್ಟಿಸಿದ್ದೀರಿ. ಅದನ್ನು ನಾವು ಮರೆಯುವುದಿಲ್ಲ. ಆದರೆ ಬೆಳಗಿನ ಪಾಳಿಗೆ ಅಲ್ಲಿಂದ ಬರಲಾಗದು. ಅದಕ್ಕೆ ಹೂಟಗಳ್ಳಿಯಲ್ಲೇ ಇರುವುದೆಂದು ನಾವಿಬ್ಬರೂ ತೀರ್ಮಾನಿಸಿದ್ದೇವೆ. ಭಾನುವಾರಗಳು ನಿಮ್ಮ ಜೊತೆ. ಸಂಜೆ ಫೋನ್ ಮಾಡುತ್ತೇವೆ."

ಕಳಿಸಿದೆವು. ನೀಲಿ ಗುರುತು ಬಂತು, ಉತ್ತರ ಬರಲಿಲ್ಲ. ಸಂಜೆ ಫೋನ್ ಎತ್ತಲಿಲ್ಲ. ನನ್ನಿಂದ ತಂದೆ ಮಗ ದೂರವಾದರಲ್ಲ ಯವ್ವಾ, ಅಂದುಕೊಂಡೆ.

ಮರುದಿನ ಅತ್ತೆಯ ಕರೆ. "ಪರವಾಗಿಲ್ಲ ಬುಡಮ್ಮ." ಇನ್ನು ಮುಗಿಯಿತು ಅಂದುಕೊಂಡೆ. ಆದರೆ ಅತ್ತೆ ಫೋನ್ ಇಡಲಿಲ್ಲ. "ಮಹಡೀನ ಬಾಡಿಗೆಗೆ ಕೊಡ್ತೀವಿ. ಆದ್ರೆ ಶುಕ್ರವಾರ ಹಾಲು ನೀನೇ ಬಂದು ಉಕ್ಕುಸ್ಬೇಕು. ಮೊದ್ಲು ಒಲೆ ಹಚ್ಚೋಳು ಸೊಸೆನೇ ಆಗ್ಬೇಕು ಕಣಮ್ಮ."

ಶುಕ್ರವಾರ ರಜೆ ಹಾಕಿ ಮಹೇಶ್ ಜೊತೆ ಹೋದೆ. ನಾನು ಬೇಡವೆಂದ ಮನೆಯಲ್ಲಿ ನನ್ನ ಕೈಯಿಂದಲೇ ಹಾಲು ಉಕ್ಕಿತು. ಮಾವ ದೂರದಲ್ಲೇ ನಿಂತಿದ್ದರು. ಅತ್ತೆ ಒಲೆ ಒರೆಸುತ್ತಾ, ತಲೆಯೆತ್ತದೆ ಕೇಳಿದರು: "ಇನ್ನು ನಿಮ್ ಮನೆಗೆ ಹೊರಡ್ತೀರಾ?"

ಆ ರೂಮನ್ನು ಅವರು ಮನೆ ಎಂದದ್ದು ಅದೇ ಮೊದಲು. "ಹೂಂ ಅತ್ತಿ, ಭಾನುವಾರ ಮತ್ತ ಬರ್ತೀವ್ರಿ" ಅಂದೆ.