ಹರಿದುಕೊಂಡ ಅರ್ಧ

ಬೆಲ್ಲದಲ್ಲಿ ಕುದಿಯುವ ಕಡಲೆಬೇಳೆ, ಮೇಲೆ ಒಂದಿಷ್ಟು ಏಲಕ್ಕಿ. ಹೂರಣದ ಆ ವಾಸನೆ ಬಂದರೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ, ನನಗೆ ಮೊದಲು ಮುಖ ಬಿಸಿಯಾಗುತ್ತದೆ. ಕಾಶಿಯ ಹನುಮಾನ್ ಘಾಟಿನ ಗಲ್ಲಿಯಲ್ಲಿದ್ದ ಮಠದ ಅಡುಗೆಮನೆಯಿಂದ ಆ ವಾಸನೆಯನ್ನು ಸ್ಟೀಲಿನ ಡಬ್ಬಿಯಲ್ಲಿ ಹೊತ್ತು ತರುತ್ತಿದ್ದವಳು ಗಿರಿಜಾ, ಮಠದ ಅಡುಗೆಯಾಕೆಯ ಮಗಳು. ನಮ್ಮದು ಭೇಲೂಪುರದ ಬಾಡಿಗೆ ಮನೆ. ಅಪ್ಪ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು. ಮಂಗಗಳ ಕಾಟಕ್ಕೆ ಬಾಲ್ಕನಿಗೆಲ್ಲ ಜಾಲರಿ, ಅದರ ಒಳಗೆ ತುಳಸಿ, ತುಳಸಿಯ ಪಕ್ಕ ಧಾರವಾಡದಿಂದ ಬಂದ ನಮ್ಮಜ್ಜಿ. ಹೊಸ್ತಿಲ ಹೊರಗೆ ಏನು ಬೇಕಾದರೂ ಮಾತಾಡಿ, ಒಳಗೆ ಕನ್ನಡ ಎಂಬುದು ಅಜ್ಜಿಯ ಕಾನೂನು. ಇಡೀ ಶಾಲೆಯಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಹಾಗಾಗಿ ಶಾಲೆ ಬಿಟ್ಟ ಮೇಲೆ ಗಿರಿಜಾ ನಮ್ಮ ಮನೆಗೆ ಬರುವುದನ್ನು ಯಾರೂ ಕೇಳುತ್ತಿರಲಿಲ್ಲ, ಬರದಿದ್ದರೆ ಕೇಳುತ್ತಿದ್ದರು.

ಗಿರಿಜಾಳ ಎಣ್ಣೆಗೆಂಪು ಬಣ್ಣದ ಮುಖದಲ್ಲಿ ತೊನ್ನಿನ ಕಲೆಗಳಿದ್ದವು. ಎಡಗಣ್ಣಿನ ಸುತ್ತ ಒಂದು, ತುಟಿಯ ಅಂಚಿಗೆ ಒಂದು, ಕಿವಿಯ ಹಾಲೆಯ ಮೇಲೆ ಕಡಲೆಕಾಳಿನಷ್ಟು ಇನ್ನೊಂದು. ನಮಗೆ ಹತ್ತು ವರ್ಷವಾಗಿದ್ದ ನವರಾತ್ರಿಯಲ್ಲಿ ಅಜ್ಜಿ ಇಬ್ಬರನ್ನೂ ಮಣೆಯ ಮೇಲೆ ಕೂರಿಸಿ ಕುಮಾರಿ ಪೂಜೆ ಮಾಡಿದಳು. ಬಂದಿದ್ದ ಹೆಂಗಸೊಬ್ಬಳು, ಕಲೆ ಇದ್ದ ಹುಡುಗಿಯನ್ನು ಪೂಜೆಗೆ ಕೂರಿಸಬಾರದೆಂದು ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು. ಅಜ್ಜಿಯ ಕಿವಿ ಆ ವಯಸ್ಸಿನಲ್ಲೂ ಚುರುಕು. "ನಮ್ಮನಿ ದೇವೀನ್ನ ನಾ ಆರಿಸ್ತೀನಿ, ನೀವು ಊಟಕ್ಕ ಕೂಡ್ರಿ" ಎಂದು ಮೊದಲು ಗಿರಿಜಾಳ ಕಾಲನ್ನೇ ತೊಳೆದಳು. ಅಮ್ಮ ಮೊಬೈಲಿನಲ್ಲಿ ಫೋಟೋ ತೆಗೆದಳು. ಹಣೆಗೆ ರೂಪಾಯಿಯಗಲ ಕುಂಕುಮ ಹಚ್ಚಿಕೊಂಡು ಇಬ್ಬರೂ ನೇರ ನೋಡುತ್ತ ಕೂತ ಫೋಟೋ. ನಾವಿಬ್ಬರೂ ಒಟ್ಟಿಗಿದ್ದ ಫೋಟೋ ಅದೊಂದೇ.

ಮುಖ ಅದಲುಬದಲು ಮಾಡುವ ಆಪ್ ಅಮ್ಮನ ಮೊಬೈಲಿಗೆ ಬಂದದ್ದು ಆ ಚಳಿಗಾಲದಲ್ಲಿ. ಮೊದಲು ನಾನೂ ಅಜ್ಜಿಯೂ ಕೂತೆವು, ಮೊಬೈಲ್ ಹಿಡಿದವಳು ಗಿರಿಜಾ. ಅದಕ್ಕೆ ಎರಡೂ ಮುಖ ಒಂದೇ ಚಿತ್ರದಲ್ಲಿ, ಎದುರಾಗಿ ಇರಬೇಕಿತ್ತು. ಅಜ್ಜಿ ಪಕ್ಕಕ್ಕೆ ತಿರುಗಿದರೆ ಮುಖವೇ ಸಿಗುತ್ತಿಲ್ಲವೆಂದು ಹೇಳುತ್ತಿತ್ತು. ಕನ್ನಡಕ ತೆಗೆಸಿದೆವು. ಆಮೇಲೆ ಕಣ್ಣು, ಹುಬ್ಬು, ಮೂಗು, ಬಾಯಿ, ಗದ್ದದ ಅಂಚಿಗೆಲ್ಲ ಸಣ್ಣ ಸಣ್ಣ ಚುಕ್ಕಿ ಇಟ್ಟಿತು, ಥೇಟ್ ರಂಗೋಲಿಗೆ ಇಟ್ಟ ಹಾಗೆ. ಆ ಚುಕ್ಕಿಗಳ ಒಳಗಿನದನ್ನಷ್ಟೇ ಎತ್ತಿ, ಎಳೆದು ಕುಗ್ಗಿಸಿ ಎದುರಿನ ಮುಖದ ಅಳತೆಗೆ ಕೂರಿಸಿ, ಅಲ್ಲಿನ ಚರ್ಮದ ಬಣ್ಣಕ್ಕೆ ಹೊಂದಿಸಿ ಅಂಚನ್ನು ಸವರಿತು. ಕೂದಲು, ಕಿವಿ, ಕೊರಳು ಇದ್ದವರದೇ ಉಳಿದವು. ನನ್ನ ಎರಡು ಜಡೆಯ ನಡುವೆ ಅಜ್ಜಿಯ ಸುಕ್ಕು, ಅಜ್ಜಿಯ ಬೆಳ್ಳಿಕೂದಲ ಕೆಳಗೆ ನನ್ನ ಮೊಲದ ಹಲ್ಲು. ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅಂಥ ನಗು ಆ ಮನೆಯಲ್ಲಿ ಮತ್ತೆ ಕೇಳಲಿಲ್ಲ.

ಆಮೇಲಿನದನ್ನು ನಾನು ಒಬ್ಬಳೇ ಮಾಡಿದೆ. ನಮ್ಮ ತರಗತಿಯಲ್ಲಿ ಶಾಲಿನಿ ಎಂಬವಳಿದ್ದಳು. ಊಟದ ಹೊತ್ತಿಗೆ ಅವಳ ಬೆಂಚಿನಲ್ಲಿ ಜಾಗ ಸಿಕ್ಕರೆ ಸ್ವರ್ಗವೇ ಸಿಕ್ಕಂತೆ. ಅವಳನ್ನು ನಗಿಸಬೇಕೆಂದು ನವರಾತ್ರಿಯ ಫೋಟೋವನ್ನು ಆಪಿಗೆ ಕೊಟ್ಟು, ಬಂದದ್ದನ್ನು ಅಮ್ಮನ ಮೊಬೈಲಿನಿಂದಲೇ ಅವಳಿಗೆ ಕಳಿಸಿದೆ. ಗಿರಿಜಾಳಿಗೆ ತೋರಿಸಲಿಲ್ಲ. ತೋರಿಸದಿದ್ದುದರಲ್ಲೇ ಎಲ್ಲ ಇತ್ತು. ಅದು ತಪ್ಪೆಂದು ನನಗೆ ಆಗಲೇ ಗೊತ್ತಿತ್ತು, ಮಗುಬುದ್ಧಿ ಎಂದು ಇವತ್ತು ನಾನು ತಪ್ಪಿಸಿಕೊಳ್ಳುವುದಿಲ್ಲ.

ಶಾಲಿನಿಯ ಮನೆಯಲ್ಲಿ ಪ್ರಿಂಟರ್ ಇತ್ತು. ಸೋಮವಾರ ನಾನೂ ಗಿರಿಜಾಳೂ ಎಂದಿನಂತೆ ಕೈ ಹಿಡಿದುಕೊಂಡು ಬಂದಾಗ ನೋಟಿಸ್ ಬೋರ್ಡಿನ ಮುಂದೆ ಗುಂಪು. ಪರೀಕ್ಷೆಯ ವೇಳಾಪಟ್ಟಿಯ ಪಕ್ಕ, ಹಸಿರು ಬಟ್ಟೆಯ ಮೇಲೆ ನಾವಿಬ್ಬರು. ನಾಲ್ಕು ಮೂಲೆಗೂ ಪಿನ್ನು. ಕೆಳಗೆ ಸ್ಕೆಚ್ ಪೆನ್ನಿನಲ್ಲಿ "ಕೌನ್ ಕೌನ್ ಹೈ?" ಅಂದರೆ ಇವರಲ್ಲಿ ಯಾರು ಯಾರು ಎಂದು ಬರೆದಿತ್ತು. ಎಡಕ್ಕೆ ಗಿರಿಜಾಳ ಹಸಿರು ಲಂಗ, ಅವಳ ಎಣ್ಣೆಗೆಂಪು ಕೊರಳು, ಕಲೆಯಿದ್ದ ಅವಳದೇ ಕಿವಿ, ನಡುವೆ ಅವಳ ಬಣ್ಣಕ್ಕೆ ತಿರುಗಿದ ನನ್ನ ಮುಖ, ಒಂದೂ ಕಲೆಯಿಲ್ಲದೆ. ಬಲಕ್ಕೆ ನನ್ನ ಜರತಾರಿ ಲಂಗದ ಮೇಲೆ ಗಿರಿಜಾಳ ಮುಖ. ಬಣ್ಣ ನನ್ನಷ್ಟು ತಿಳಿಯಾಗಿತ್ತು, ಆದರೆ ಕಣ್ಣಿನ ಸುತ್ತ, ತುಟಿಯ ಅಂಚಿಗೆ ಕಲೆಗಳು ಹಾಗೇ ಬಂದಿದ್ದವು. ಇಬ್ಬರ ಹಣೆಯ ಕುಂಕುಮವೂ ಅಂಚಿನಲ್ಲಿ ಅರ್ಧಕ್ಕೆ ಮಸುಕಾಗಿತ್ತು. ಯಾರೋ ನನ್ನ ಹೆಸರು ಹಿಡಿದು, ನಿನಗೂ ಅಂಟಿತು ಎಂದರು. ಎಲ್ಲರೂ ನಕ್ಕರು.

ಗಿರಿಜಾ ನಗಲಿಲ್ಲ, ಅಳಲೂ ಇಲ್ಲ. ಕಲೆಯಿಲ್ಲದ ಮುಖದ ಆ ಎಡಗಡೆಯ ಹುಡುಗಿಯನ್ನೇ ನೋಡುತ್ತ ನಿಂತಳು, ತನ್ನ ಕಿವಿಯನ್ನು ಒಮ್ಮೆ ಮುಟ್ಟಿಕೊಂಡಳು. ನಾನು ಅವಳ ಕೈ ಬಿಟ್ಟೆ. ಮುನ್ನುಗ್ಗಿ ಕಾಗದಕ್ಕೆ ಕೈಹಾಕಿ, ನಡುವೆ ಸರಕ್ಕನೆ ಹರಿದು, ಬಲಗಡೆಯ ಅರ್ಧವನ್ನು, ನನ್ನ ಲಂಗವಿದ್ದ ಅರ್ಧವನ್ನು ಮಾತ್ರ ಕಿತ್ತು ಮುಷ್ಟಿಯಲ್ಲಿ ಹಿಡಿದೆ. ಇನ್ನರ್ಧ ಎರಡು ಪಿನ್ನಿನ ಮೇಲೆ ಅಲ್ಲೇ ತೂಗಿತು. ಗಿರಿಜಾ ತಾನೇ ಒಂದೊಂದಾಗಿ ಪಿನ್ನು ಬಿಡಿಸಿ, ಪಿನ್ನುಗಳನ್ನು ಬೋರ್ಡಿಗೇ ಚುಚ್ಚಿಟ್ಟು, ಅದನ್ನು ಮಡಚಿ ಪುಸ್ತಕದಲ್ಲಿಟ್ಟುಕೊಂಡಳು. ತರಗತಿಯಲ್ಲಿ ದೀದಿ, ಅಂದರೆ ನಮ್ಮ ಟೀಚರ್, ಇದು ಯಾರ ಕೆಲಸವೆಂದು ಮೂರು ಸಲ ಕೇಳಿದರು. ಶಾಲಿನಿ ನನ್ನನ್ನು ನೋಡಿದಳು, ನಾನು ನೆಲ ನೋಡಿದೆ. ಇಡೀ ತರಗತಿಗೆ ನಿಲ್ಲುವ ಶಿಕ್ಷೆಯಾಯಿತು, ಗಿರಿಜಾಳೂ ನಿಂತಳು.

ಮನೆಗೆ ಹೋಗುವ ದಾರಿಯಲ್ಲಿ, ರಿಕ್ಷಾಗಳ ಗದ್ದಲದ ನಡುವೆ ಅವಳು ಮೆಲ್ಲಗೆ ಕೇಳಿದಳು: "ಇಬ್ರೂ ಒಂದ ಫೋಟೋದಾಗ ಇದ್ರ ಅಷ್ಟ ಆಗ್ತದಲ್ಲ ಅದು?"

ನಾನು ಹೂಂ ಎಂದೆ. ನಮ್ಮಿಬ್ಬರದೂ ಇದ್ದುದು ಒಂದೇ ಫೋಟೋ, ಅದು ಇದ್ದುದು ನಮ್ಮ ಮನೆಯಲ್ಲಿ. ಅಷ್ಟು ಲೆಕ್ಕ ಅವಳಿಗೆ ಬೆಳಿಗ್ಗೆಯೇ ಸಿಕ್ಕಿತ್ತು. ಆದರೂ ದೀದಿಯ ಮುಂದೆ ತುಟಿ ಬಿಚ್ಚಿರಲಿಲ್ಲ. ಗಲ್ಲಿಯ ತಿರುವಿನಲ್ಲಿ ನಿಂತು ಅವಳು ಇನ್ನೊಂದೇ ಮಾತು ಕೇಳಿದಳು.

"ಮಾಡಿದ್ದು ಇರಲಿ ಬಿಡು. ಹರಿಯೂ ಮುಂದ ನಂದ್ಯಾಕ ಅಲ್ಲೇ ಬಿಟ್ಟಿ?"

ಮರುದಿನದಿಂದ ಡಬ್ಬಿ ಬರಲಿಲ್ಲ. ಗಿರಿಜಾ ಯಾಕೆ ಬರುತ್ತಿಲ್ಲವೆಂದು ಅಜ್ಜಿ ದಿನಾ ಕೇಳಿದಳು, ಜ್ವರವಂತೆ, ಪರೀಕ್ಷೆಯಂತೆ ಎಂದು ನಾನು ದಿನಾ ಸುಳ್ಳು ಹೇಳಿದೆ. ಕೊನೆಗೊಂದು ದಿನ ಅಜ್ಜಿ ಕೇಳುವುದನ್ನು ಬಿಟ್ಟಳು, ನನ್ನನ್ನು ನೋಡುವ ಅವಳ ನೋಟವೂ ಸ್ವಲ್ಪ ಬದಲಾಯಿತು. ಬೇಸಿಗೆಯಲ್ಲಿ ಮಠಕ್ಕೆ ಬೇರೆ ಅಡುಗೆಯವರು ಬಂದರು. ಗಿರಿಜಾಳ ಮನೆಯವರು ಹಾವೇರಿಯ ಕಡೆ ಹೋದರೆಂದು ಯಾರೋ ಹೇಳಿದರು. ಎರಡು ವರ್ಷಕ್ಕೆ ಅಜ್ಜಿ ತೀರಿಹೋದಳು, ಅಪ್ಪನ ಕೆಲಸ ಮುಗಿದು ಭೇಲೂಪುರದ ಮನೆಯನ್ನೂ ಬಿಟ್ಟೆವು. ಈಗ ಅಲ್ಲಿ ಯಾರದೋ ಕ್ಲಿನಿಕ್ ಇದೆ, ಜಾಲರಿ ಮಾತ್ರ ನಮ್ಮದೇ.

ಆ ಹರಿದ ಅರ್ಧ ನನ್ನ ಹತ್ತಿರ ಇನ್ನೂ ಇದೆ. ಅಂದು ನನ್ನ ಮರ್ಯಾದೆ ಉಳಿಸಿಕೊಳ್ಳಲು ಕಿತ್ತುಕೊಂಡದ್ದು, ಯಾರ ಕಣ್ಣಿಗೂ ಬೀಳದಂತೆ ಕಂಪಾಸು ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟದ್ದು. ಮುಷ್ಟಿಯ ಸುಕ್ಕು ಹೋಗಿಲ್ಲ. ಲಂಗ ನನ್ನದು, ಜಡೆ ನನ್ನದು. ನೋಡುತ್ತಿರುವವಳು ಗಿರಿಜಾ. ನಾನು ಆ ಬೋರ್ಡಿನಲ್ಲಿ ಬಿಟ್ಟುಬಂದದ್ದು ನನ್ನ ಮುಖವನ್ನೇ. ಅದನ್ನು ಜೋಪಾನವಾಗಿ ಬಿಡಿಸಿ, ಮಡಚಿ ಇಟ್ಟುಕೊಂಡವಳು ಅವಳು.